ರಿಟೈರ್ ಆಗಿ ನಾಲ್ಕು ವರ್ಷ. ಪಾರ್ಟ್ ಟೈಮ್ ಕೆಲಸಕ್ಕೆ ಅರ್ಜಿ ಬರೆಯಬೇಕು, ಒಳ್ಳೆ ಮಾದರಿ ಪತ್ರ ಎಲ್ಲಿ ಸಿಗುತ್ತೆ?

ಮಾದರಿ ಹುಡುಕಲೇಬೇಡಿ. ನಾನು ಕೆಟ್ಟಿದ್ದೇ ಅದರಿಂದ.

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದೆ. ಕಾಗದ ಅಂತ ಕೊನೆಗೆ ಬರೆದದ್ದು 1994ರಲ್ಲಿ, ವರ್ಗಾವಣೆ ಕೇಳಿ. ಆಮೇಲೆ ಬರೀ ವೋಚರ್, ಲೆಡ್ಜರ್. ಹೋದ ವರ್ಷ ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘವೊಂದಕ್ಕೆ ಸಂಜೆ ಹೊತ್ತು ಪಿಗ್ಮಿ ಲೆಕ್ಕ ನೋಡುವವರು ಬೇಕಾಗಿತ್ತು. ಹಳೇ ಮಾದರಿಯಲ್ಲೇ ಒಂದೂವರೆ ಪುಟ ಬರೆದುಕೊಟ್ಟೆ. ಇಂದ, ಗೆ, ಮಾನ್ಯರೇ, ವಿಷಯ, ಕೆಲಸಕ್ಕೆ ಸೇರಿದ ತಾರೀಖು, ಆರು ಶಾಖೆಗಳ ಹೆಸರು, ಕೊನೆಗೆ 'ತಮ್ಮ ವಿಧೇಯ'. ಉತ್ತರವೇ ಇಲ್ಲ.

ತಿಂಗಳಾದ ಮೇಲೆ ಅಲ್ಲಿನ ಕಾರ್ಯದರ್ಶಿ ತರಕಾರಿ ಅಂಗಡಿಯಲ್ಲಿ ಸಿಕ್ಕರು. "ನಿಮ್ಮ ಸರ್ವೀಸ್ ನೋಡಿ, ಇಡೀ ದಿನದ ಕೆಲಸ, ದೊಡ್ಡ ಸಂಬಳ ಕೇಳ್ತೀರಿ ಅಂದ್ಕೊಂಡ್ವಿ ಸಾರ್. ಬೇರೆಯವರನ್ನ ತಗೊಂಡ್ವಿ" ಅಂದರು.

ನಾನು ಎಷ್ಟು ಗಂಟೆಗೆ ಬರುತ್ತೇನೆ, ವಾರಕ್ಕೆ ಎಷ್ಟು ದಿನ ಬರುತ್ತೇನೆ ಅಂತ ಬರೆದೇ ಇರಲಿಲ್ಲ! ಸಂಜೆ ಕೆಲಸ ಅಂತ ಅವರೇ ಹೇಳಿದ್ದಾರಲ್ಲ, ಮತ್ತೆ ನಾನ್ಯಾಕೆ ಬರೆಯಲಿ ಅಂದುಕೊಂಡಿದ್ದೆ. ಆದರೆ ಓದುವವರ ಕಣ್ಣಿಗೆ ಬಿದ್ದದ್ದು 36 ವರ್ಷ ಒಂದೇ. ತಾರೀಖು ಹಾಕದ ಚೆಕ್ಕನ್ನು ಎಷ್ಟು ಜನಕ್ಕೆ ವಾಪಸ್ ಕೊಟ್ಟಿದ್ದೇನೋ, ಲೆಕ್ಕವಿಲ್ಲ. ನನ್ನ ಅರ್ಜಿಯೂ ಅಂಥದ್ದೇ ಚೆಕ್ಕು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ.

ಆಮೇಲೆ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಗೆ ಬರೆಯಲು ಕೂತಾಗ ಮೊಮ್ಮಗಳು ಹಳೇ ಕಾಗದದ ನಕಲು ಓದಿ ನಕ್ಕಳು. ಅವಳು ಬಿ.ಕಾಂ. ಓದುತ್ತಿದ್ದಾಳೆ. "ತಾತ, ಇದು ರಜಾ ಅರ್ಜಿ ಥರ ಇದೆ. ಬ್ಯಾಂಕಲ್ಲಿ ನಿನಗೆ ಚೆನ್ನಾಗಿ ಬರ್ತಿದ್ದ ಕೆಲಸ ಯಾವುದು, ಅದನ್ನ ಹೇಳು" ಅಂದಳು.

ಸಂಜೆ ಟ್ಯಾಲಿ ಆಗದಿದ್ದರೆ ತಪ್ಪು ಹುಡುಕುವುದು, ಅಂದೆ. ಹೇಗೆ ಅಂತ ಕೇಳಿದಳು. ವ್ಯತ್ಯಾಸ 270 ಬಂತು ಅನ್ನಿ. ಅದು 9ರಿಂದ ಪೂರ್ತಿ ಭಾಗವಾಗುತ್ತೆ. ಹಾಗಿದ್ದರೆ ಯಾರೋ ಅಂಕಿ ಅದಲು ಬದಲು ಮಾಡಿ, 630 ಬರೆಯುವ ಕಡೆ 360 ಬರೆದಿರಬಹುದು. ಅಲ್ಲೂ ಸಿಗದಿದ್ದರೆ ಅರ್ಧ ಮಾಡಿ 135 ಹುಡುಕಬೇಕು, ಜಮೆಗೆ ಹೋಗಬೇಕಾದದ್ದು ಖರ್ಚಿನ ಕಡೆ ಕೂತಿರುತ್ತೆ. ಯಾವಾಗಲೂ ಸಿಗುತ್ತೆ ಅಂತಲ್ಲ. ಎರಡು ತಪ್ಪು ಸೇರಿಕೊಂಡಿದ್ದರೆ ಒಂದೊಂದೇ ವೋಚರ್‌ಗೆ ಟಿಕ್ ಹಾಕುತ್ತಾ ಕೂರಬೇಕು.

"ಇದನ್ನೇ ಬರಿ ತಾತ" ಅಂದಳು. ಆರು ಶಾಖೆಗಳನ್ನೂ 'ವಿಧೇಯ'ನನ್ನೂ ಅವಳೇ ಹೊಡೆದು ಹಾಕಿದಳು. ಉಳಿದದ್ದು ಇಷ್ಟು:

"ಸೋಮವಾರದಿಂದ ಶುಕ್ರವಾರ, ಸಂಜೆ 4ರಿಂದ 7ರವರೆಗೆ ಬರಬಲ್ಲೆ. ದಿನದ ನಗದು ಪುಸ್ತಕ ಟ್ಯಾಲಿ ಮಾಡಿಕೊಡುತ್ತೇನೆ. ವ್ಯತ್ಯಾಸ ಬಂದರೆ ಹುಡುಕಿ ಕೊಡುತ್ತೇನೆ. ಬ್ಯಾಂಕಿನಲ್ಲಿ 36 ವರ್ಷ ಇದೇ ಕೆಲಸ ಮಾಡಿದ್ದೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಸ್ವಲ್ಪ ಕಲಿಸಿಕೊಡಬೇಕು."

ಕೊನೆಯ ಸಾಲು ಬೇಡ, ಮರ್ಯಾದೆ ಹೋಗುತ್ತೆ ಅಂತ ನಾನು ಹಟ ಮಾಡಿದೆ. ಅವಳು ಬಿಡಲಿಲ್ಲ. ಮೂರನೇ ದಿನ ಅಂಗಡಿಯವರ ಫೋನ್ ಬಂತು. ಅವರು ಕೇಳಿದ ಮೊದಲ ಮಾತು, "ನಮ್ಮದು 450 ರೂಪಾಯಿ ವ್ಯತ್ಯಾಸ ಬರ್ತಿದೆ ಸಾರ್, ನಾಳೆ ಬರ್ತೀರಾ?"