ಬಯೋದಲ್ಲಿ ಷರತ್ತುಗಳ ಬದಲು ಏನು ಬರೆಯಬೇಕು?

ಸಂಪಾದಕರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಯಸ್ಸು 31. ಡೇಟಿಂಗ್ ಆ್ಯಪ್ ಬಂಬಲ್‌ನಲ್ಲಿ ನನ್ನ ಬಯೋ, ಅಂದರೆ ಕಿರುಪರಿಚಯ, ಹೀಗಿದೆ: ‘ಸಿಗರೇಟು ಸೇದುವವರು ಬೇಡ. ಆರಡಿಗಿಂತ ಕಡಿಮೆ ಇರುವವರು ಬೇಡ. ಟೈಮ್‌ಪಾಸ್ ಮಾಡುವವರು ದೂರವಿರಿ. ಬರೀ ಹಾಯ್ ಎಂದರೆ ಉತ್ತರವಿಲ್ಲ. ಪ್ರಾಮಾಣಿಕರಾಗಿರಬೇಕು.’ ಹಿಂದೆ ಒಬ್ಬರು ತಿಂಗಳುಗಟ್ಟಲೆ ಮಾತಾಡಿ, ಹೇಳದೆ ಕೇಳದೆ ಮರೆಯಾದರು. ಅದಕ್ಕೇ ಹೀಗೆ ಬರೆದೆ. ಓದಿದ ಗೆಳತಿ ಹೆದರಿಕೆಯಾಗುತ್ತದೆ ಎಂದಳು. ನಾಟಕ ನೋಡುವುದು, ಈಗೀಗ ಅಕ್ಕಿರೊಟ್ಟಿ ಕಲಿಯುತ್ತಿರುವುದು ಬಿಟ್ಟರೆ ಹೇಳಿಕೊಳ್ಳಲು ನನ್ನಲ್ಲಿ ಏನಿದೆ? ಸುಳ್ಳಿಲ್ಲದೆ ಹೇಗೆ ತಿದ್ದಲಿ?

ಆತ್ಮೀಯರೇ,

ಸಿಗರೇಟು, ಎತ್ತರ, ಹುಡುಕುತ್ತಿರುವ ಸಂಬಂಧದ ಬಗೆ ಇವುಗಳಿಗೆಲ್ಲ ಆ್ಯಪ್‌ನಲ್ಲಿಯೇ ಬೇರೆ ಕಾಲಮ್‌ಗಳಿವೆ. ನಿಮ್ಮ ಉತ್ತರವನ್ನು ಅಲ್ಲಿ ತುಂಬಿ, ಎದುರಿನವರು ತುಂಬಿದ್ದನ್ನು ನೋಡಿ, ಹೊಂದದಿದ್ದರೆ ಮುಂದೆ ಸಾಗಿ. ಬಯೋಗೆ ಸಿಗುವುದು 300 ಅಕ್ಷರಗಳಷ್ಟೇ ಜಾಗ. ಅದನ್ನು ಇವುಗಳಿಗೆ ವ್ಯಯಿಸಬೇಡಿ.

ನಿಜವಾಗಿ ಯೋಚಿಸಬೇಕಾದದ್ದು ಟೈಮ್‌ಪಾಸ್‌ನ ಸಾಲಿನ ಬಗ್ಗೆ. ಕಾಲ ಕಳೆಯಲೆಂದೇ ಬಂದವರು ಆ ಎಚ್ಚರಿಕೆಯನ್ನು ಓದಿ ಹಿಂದೆ ಸರಿಯುವುದಿಲ್ಲ, ಏಕೆಂದರೆ ಅದು ತಮಗೆ ಹೇಳಿದ ಮಾತೆಂದು ಅವರಿಗೆ ಅನ್ನಿಸುವುದೇ ಇಲ್ಲ. ಹಿಂಜರಿಯುವವರು, ಮತ್ತೊಬ್ಬರು ಮಾಡಿದ ತಪ್ಪಿಗೆ ತಾವು ಮೊದಲೇ ಜವಾಬು ಕೊಡಬೇಕಾದೀತೆಂದು ಅಳುಕುವ ಸಂಭಾವಿತರು. ಪ್ರಾಮಾಣಿಕತೆಯ ಬೇಡಿಕೆಯೂ ಹಾಗೆಯೇ, ತಾನು ಅಪ್ರಾಮಾಣಿಕನೆಂದು ಯಾರೂ ಭಾವಿಸಿರುವುದಿಲ್ಲ. ಆದ್ದರಿಂದ ನಿಮಗಾದ ನೋವಿನ ಹಿಂದಿರುವ ಬಯಕೆಯನ್ನು, ಅಂದರೆ ಮನಸ್ಸು ಬದಲಾದರೆ ಬಾಯಿಬಿಟ್ಟು ಹೇಳಬೇಕೆಂಬುದನ್ನು, ನೀವೇ ಮೊದಲು ಪಾಲಿಸುವ ಮಾತಾಗಿ ಬರೆಯಿರಿ. ನೀವು ಕೊಟ್ಟ ವಿವರಗಳಿಂದಲೇ ನಾನು ತಿದ್ದಿದ್ದು ಹೀಗಿದೆ:

‘ರಜೆ ಸಿಕ್ಕರೆ ನಾಟಕ ನೋಡುತ್ತೇನೆ. ಅಕ್ಕಿರೊಟ್ಟಿ ತಟ್ಟಲು ಕಲಿಯುತ್ತಿದ್ದೇನೆ, ಇನ್ನೂ ಹರಿಯುತ್ತದೆ. ಮದುವೆಯ ಯೋಚನೆಯಿಂದಲೇ ಇಲ್ಲಿದ್ದೇನೆ. ಮನಸ್ಸು ಬದಲಾದರೆ ನೇರವಾಗಿ ಹೇಳುತ್ತೇನೆ, ನಿಮ್ಮಿಂದಲೂ ಅಷ್ಟನ್ನು ಬಯಸುತ್ತೇನೆ. ನೀವು ಮರೆಯಲಾರದ ನಾಟಕ ಯಾವುದು?’

ರೊಟ್ಟಿ ಹರಿಯುವುದು, ಮದುವೆಯ ಯೋಚನೆ ಎರಡೂ ನನ್ನ ಊಹೆ. ನಿಜವಲ್ಲದಿದ್ದರೆ ತೆಗೆದುಹಾಕಿ, ನಿಜವಾದದ್ದನ್ನು ಅಷ್ಟೇ ಚಿಕ್ಕದಾಗಿ ಬರೆಯಿರಿ. ಮದುವೆಯೇ ಉದ್ದೇಶವಾಗಿದ್ದರೆ ಮಾತ್ರ, ಬಯೋ ಮೃದುವಾಗಲೆಂದು ಆ ಸಾಲನ್ನು ಮುಚ್ಚಿಡಬೇಡಿ, ಅದು ಷರತ್ತಲ್ಲ, ಓದುವವರಿಗೆ ತಿಳಿದಿರಲೇಬೇಕಾದ ಸಂಗತಿ. ಕೊನೆಯ ಪ್ರಶ್ನೆ ‘ಬರೀ ಹಾಯ್’ ಎಂಬ ಆಕ್ಷೇಪದ ಜಾಗದಲ್ಲಿದೆ: ಹೇಗೆ ಮಾತು ಶುರು ಮಾಡಬೇಕೆಂದು ತೋಚದವರಿಗೆ ಅದು ದಾರಿಯಾಗುತ್ತದೆ. ಯಾವ ರಂಗಮಂದಿರ, ಯಾವ ವಾರ ಎಂಬುದನ್ನು ನಾನು ಬೇಕೆಂದೇ ಬರೆದಿಲ್ಲ. ಅಪರಿಚಿತರು ಓದುವ ಜಾಗದಲ್ಲಿ ನೀವು ಯಾವಾಗ ಎಲ್ಲಿರುತ್ತೀರೆಂಬ ಸುಳಿವು ಇರಬಾರದು.

ಬದಲಾಯಿಸಿದ ಮೇಲೆ ಕೆಲವು ವಾರ ಮೊದಲ ಸಂದೇಶಗಳನ್ನು ಗಮನಿಸಿ. ನಾಟಕ, ರೊಟ್ಟಿಗಳ ಬಗ್ಗೆ ಉತ್ಸಾಹದಿಂದ ಬರೆದವರು ಮದುವೆಯ ಮಾತು ಬಂದಾಗ ಅಚ್ಚರಿಪಡುತ್ತಿದ್ದರೆ, ಆ ಸಾಲು ಅವರ ಕಣ್ಣಿಗೆ ಬಿದ್ದಿಲ್ಲವೆಂದು ಅರ್ಥ. ಆಗ ಅದನ್ನು ಮೊದಲ ಸಾಲಾಗಿಸಿ.

— ಸಂಪಾದಕ