ಸಾಲದ ಬಾಕಿ ಮತ್ತು ಕಾರಿನ ಬೆಲೆ ಯಾವಾಗ ಸಮವಾಗುತ್ತವೆ?

ಪ್ರಶ್ನೆ: ಏಳು ವರ್ಷದ ಸಾಲ ಮಾಡಿ ಹೊಸ ಕಾರು ತೆಗೆದುಕೊಂಡು ಎರಡು ವರ್ಷವಾಯಿತು. ಒಂದು ಕಂತನ್ನೂ ತಪ್ಪಿಸಿಲ್ಲ. ಈಗ ಮಾರೋಣವೆಂದು ವಿಚಾರಿಸಿದರೆ, ಬರುವ ಹಣದಿಂದ ಸಾಲವೇ ತೀರುವುದಿಲ್ಲವಂತೆ. ಕಟ್ಟಿದ್ದೆಲ್ಲ ಎಲ್ಲಿ ಹೋಯಿತು? ಇನ್ನೆಷ್ಟು ಕಾಲ ಕಾದರೆ ಇದು ಸರಿಹೋಗುತ್ತದೆ?

ಉತ್ತರ: ವಾಹನ ಸಾಲದ ಲೆಕ್ಕಪತ್ರ ನೋಡುವ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಸಾಲ ಮುಗಿಸಲು ಬಂದು, ಬಾಕಿಯ ಮೊತ್ತ ನೋಡಿ ನಮ್ಮಿಂದಲೇ ಏನೋ ತಪ್ಪಾಗಿದೆ ಎಂದು ವಾದಿಸಿದವರು ಅನೇಕರು. ತಪ್ಪು ಹುಡುಕಲು ಕುಳಿತರೆ ಸಾಮಾನ್ಯವಾಗಿ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ನಿಮ್ಮದೂ ಬಹುಶಃ ಹಾಗೆಯೇ. ಬಾಕಿಯು ಮರುಮಾರಾಟದ ಬೆಲೆಗಿಂತ ಹೆಚ್ಚಿರುವ ಈ ಸ್ಥಿತಿಯನ್ನು ನೆಗೆಟಿವ್ ಈಕ್ವಿಟಿ ಎನ್ನುತ್ತಾರೆ.

ನಿಮ್ಮ ಅಂಕಿ ಅಂಶಗಳು ನನಗೆ ತಿಳಿಯದ ಕಾರಣ ಕಾರಿನ ಖರೀದಿ ಬೆಲೆಯನ್ನು 100 ಎಂದಿಟ್ಟುಕೊಳ್ಳುತ್ತೇನೆ; ನಿಮ್ಮ ಮೊತ್ತಕ್ಕೆ ತಕ್ಕಂತೆ ಗುಣಿಸಿಕೊಳ್ಳಿ. ತೆರಿಗೆ, ನೋಂದಣಿ, ವಿಮೆಗಳನ್ನು ಕೈಯಿಂದ ಕಟ್ಟಿ, ಕಾರಿನ ಪೂರ್ತಿ ಬೆಲೆಗೆ, ಅಂದರೆ 100ಕ್ಕೆ, ವಾರ್ಷಿಕ ಶೇ. 10ರ ಬಡ್ಡಿಯಲ್ಲಿ 84 ತಿಂಗಳ ಸಾಲ ಮಾಡಿದ್ದೀರಿ ಎನ್ನೋಣ. ತಿಂಗಳ ಕಂತು 1.66 ಆಗುತ್ತದೆ. ಕಾರಿನ ಬೆಲೆ ಮೊದಲ ವರ್ಷ ಶೇ. 20ರಷ್ಟು, ಆಮೇಲೆ ಪ್ರತಿ ವರ್ಷ ಉಳಿದ ಬೆಲೆಯ ಶೇ. 15ರಷ್ಟು ಇಳಿಯುತ್ತದೆ ಎಂದುಕೊಳ್ಳೋಣ. ಈ ಇಳಿಕೆಯ ದರ ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡದ್ದು. ಮಾದರಿಯಿಂದ ಮಾದರಿಗೆ ಇದು ಬಹಳ ಬದಲಾಗುತ್ತದೆ.

ಎರಡು ವರ್ಷದಲ್ಲಿ ನೀವು 24 ಕಂತುಗಳಿಂದ ಸುಮಾರು 40 ಕಟ್ಟಿದ್ದೀರಿ. ಅದರಲ್ಲಿ 18 ಬಡ್ಡಿಗೆ ಹೋಗಿದೆ, ಅಸಲಿಗೆ ಸೇರಿದ್ದು 22 ಮಾತ್ರ, ಆದ್ದರಿಂದ ಬಾಕಿ 78. ಅದೇ ಅವಧಿಯಲ್ಲಿ ಕಾರಿನ ಬೆಲೆ 100ರಿಂದ 68ಕ್ಕೆ ಬಂದಿದೆ, ಅಂದರೆ 32 ಕರಗಿದೆ. ಅಸಲು ಇಳಿದದ್ದು 22, ಬೆಲೆ ಇಳಿದದ್ದು 32; ನಿಮ್ಮ ಕೊರತೆಯೆಂದರೆ ಈ 10ರ ವ್ಯತ್ಯಾಸವೇ. ಹೀಗಾಗಿ ಎಲ್ಲ ಹೊರೆಯನ್ನೂ ಬಡ್ಡಿಯ ಮೇಲೆ ಹಾಕುವಂತಿಲ್ಲ. ಕಂತಿನಲ್ಲಿ ಅಸಲಿನ ಪಾಲು ಆರಂಭದಲ್ಲಿ ಚಿಕ್ಕದಿದ್ದು ಬರಬರುತ್ತಾ ದೊಡ್ಡದಾಗುತ್ತದೆ, ಕಾರಿನ ಬೆಲೆಯ ಇಳಿಕೆ ಆರಂಭದಲ್ಲಿ ದೊಡ್ಡದಿದ್ದು ಬರಬರುತ್ತಾ ಚಿಕ್ಕದಾಗುತ್ತದೆ. ಈ ಎರಡು ನಡೆಗಳು ಒಂದಕ್ಕೊಂದು ವಿರುದ್ಧವಾಗಿರುವುದೇ ಮೂಲ ಕಾರಣ. ಮೊದಲ ಕಂತಿನಲ್ಲಿ ಅಸಲಿಗೆ ಸೇರುವುದು 0.83, ಆ ವರ್ಷ ಕಾರು ತಿಂಗಳಿಗೆ ಸರಾಸರಿ 1.67ರಷ್ಟು ಕಳೆದುಕೊಳ್ಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಬಹುತೇಕರು ಗಮನಿಸುವುದಿಲ್ಲ. ತಿಂಗಳ ಅಸಲಿನ ಪಾಲು ತಿಂಗಳ ಬೆಲೆ ಇಳಿಕೆಗೆ ಸಮನಾದ ದಿನ ಕೊರತೆ ಮುಗಿಯುವುದಿಲ್ಲ. ಅಂದು ಅದು ಅತ್ಯಂತ ಆಳದಲ್ಲಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 20ನೆಯ ತಿಂಗಳು, ಆಗ ಕೊರತೆ 10.3. ಅಲ್ಲಿಂದ ಮುಂದೆ ಅದು ತುಂಬಿಕೊಳ್ಳತೊಡಗುತ್ತದೆ, ಆದರೆ ನಿಧಾನವಾಗಿ: ಮೂರನೆಯ ವರ್ಷದ ಕೊನೆಗೆ ಬಾಕಿ 65.5, ಬೆಲೆ 57.8, ನಾಲ್ಕನೆಯ ವರ್ಷದ ಕೊನೆಗೆ ಬಾಕಿ 51.5, ಬೆಲೆ 49.1. ಎರಡೂ ಸಂಧಿಸುವುದು 52ನೆಯ ತಿಂಗಳಿನಲ್ಲಿ, 46.5ರ ಆಸುಪಾಸಿನಲ್ಲಿ. ಹಾಗಾಗಿ ನೀವು ಅತಿ ಕೆಟ್ಟ ಘಟ್ಟವನ್ನು ಈಗಷ್ಟೇ ದಾಟಿದ್ದೀರಿ, ಸಮವಾಗಲು ಇನ್ನೂ 28 ತಿಂಗಳು ಬೇಕು.

ನಿಮ್ಮ ಸಾಲಕ್ಕೆ ಇದೇ ಲೆಕ್ಕವನ್ನು ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿಕೊಳ್ಳಬಹುದು. ಮೊದಲ ಸಾಲು 24 ತಿಂಗಳ ನಂತರದ ಬಾಕಿಯನ್ನೂ ಎರಡನೆಯದು ಕಾರಿನ ಬೆಲೆಯನ್ನೂ ಕೊಡುತ್ತದೆ. 24ರ ಜಾಗದಲ್ಲಿ ತಿಂಗಳನ್ನು ಏರಿಸುತ್ತಾ ಹೋಗಿ, ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಾದ ತಿಂಗಳೇ ನೀವು ಕೇಳಿದ ತಿಂಗಳು.

```
=-FV(10%/12, 24, -1.66, 100)
=80*0.85^((24-12)/12)
```

ಬಾಕಿಯ ಸಾಲು ಖಚಿತ. ಬೆಲೆಯ ಸಾಲು ಮಾತ್ರ ಊಹೆ, ಮತ್ತು ಜನ ಎಡವುವುದು ಅಲ್ಲಿಯೇ. ಜಾಹೀರಾತಿನಲ್ಲಿ ಅದೇ ಮಾದರಿಯ ಹಳೆಯ ಕಾರಿಗೆ ಕೇಳುತ್ತಿರುವ ಬೆಲೆಯನ್ನು ನೋಡಿ ತಮ್ಮ ಕಾರಿಗೂ ಅಷ್ಟೇ ಬರುತ್ತದೆಂದು ಬರೆದುಕೊಳ್ಳುತ್ತಾರೆ. ಅದು ಮಾರುವವನು ಕೇಳುವ ಬೆಲೆ. ವ್ಯಾಪಾರಿ ನಿಮ್ಮಿಂದ ಕೊಳ್ಳುವ ಬೆಲೆಯಲ್ಲಿ ಅವನ ಲಾಭ, ದುರಸ್ತಿ, ಕಾರು ಮಾರಾಟವಾಗದೆ ನಿಂತಿರುವ ದಿನಗಳ ಖರ್ಚು ಎಲ್ಲವೂ ಕಳೆದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಕೈಗೆ ಬರುವ ಬೆಲೆ ಊಹೆಗಿಂತ ಶೇ. 10ರಷ್ಟು ಕಡಿಮೆಯಾದರೆ ಸಂಧಿಸುವ ತಿಂಗಳು 52ರಿಂದ 59ಕ್ಕೆ ಜಾರುತ್ತದೆ. ಆದ್ದರಿಂದ ಎರಡು ಮೂರು ಕಡೆ ಕಾರನ್ನು ತೋರಿಸಿ, ಬಾಯಿಮಾತಿನ ಅಂದಾಜನ್ನಲ್ಲ, ಲಿಖಿತ ಕೊಡುಗೆಯನ್ನು ಕೇಳಿ. ಬಾಕಿಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು: ಮಾಸಿಕ ವಿವರಣಾ ಪಟ್ಟಿಯಲ್ಲಿ ಕಾಣುವ ಅಸಲಿನ ಬಾಕಿ ಬೇರೆ, ಸಾಲ ಮುಕ್ತಾಯಕ್ಕೆ ಕಟ್ಟಬೇಕಾದ ಮೊತ್ತ ಬೇರೆ. ಎರಡನೆಯದರಲ್ಲಿ ಆ ದಿನದವರೆಗಿನ ಬಡ್ಡಿ, ಅವಧಿಗೆ ಮುನ್ನ ಮುಗಿಸುವುದಕ್ಕೆ ಶುಲ್ಕವಿದ್ದರೆ ಆ ಶುಲ್ಕ, ಹಿಂದೆಂದೋ ವಿಧಿಸಿದ ದಂಡವಿದ್ದರೆ ಅದೂ ಸೇರಿರುತ್ತದೆ. ಯಾವ ದಿನಾಂಕದವರೆಗೆ ಈ ಮೊತ್ತ ಸಿಂಧು ಎಂಬುದನ್ನು ನಮೂದಿಸಿದ ಪತ್ರವನ್ನೇ ಪಡೆಯಿರಿ.

ಸಂಧಿಸುವ ತಿಂಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಸಾಲದ ಅವಧಿ. ಅದೇ 100ರ ಸಾಲವನ್ನು, ಅದೇ ಬಡ್ಡಿಯಲ್ಲಿ, 60 ತಿಂಗಳಿಗೆ ಪಡೆದಿದ್ದರೆ ಕಂತು 2.12 ಆಗುತ್ತಿತ್ತು, ಅಂದರೆ ಈಗಿನ ಕಂತಿಗಿಂತ ಕಾಲುಭಾಗಕ್ಕೂ ಸ್ವಲ್ಪ ಮಿಗಿಲಾಗಿ ಏರುತ್ತಿತ್ತು. ಆದರೆ ಬಾಕಿ ಮತ್ತು ಬೆಲೆ 21ನೆಯ ತಿಂಗಳಿನಲ್ಲೇ ಸಮವಾಗುತ್ತಿದ್ದವು. ಅವಧಿಯನ್ನು ಬದಲಿಸದೆ ಮುಂಗಡವಾಗಿ 10 ಕಟ್ಟಿ 90ಕ್ಕೆ ಮಾತ್ರ ಸಾಲ ಮಾಡಿದ್ದರೆ 41ನೆಯ ತಿಂಗಳು. ಕುತೂಹಲದ ಮಾತೆಂದರೆ, ಹೀಗೆ ಮುಂಗಡ ಕಟ್ಟಿದಾಗ ಎರಡು ಗೆರೆಗಳು ಎರಡು ಬಾರಿ ದಾಟುತ್ತವೆ: ಆರಂಭದಲ್ಲಿ ಬಾಕಿಗಿಂತ ಮೇಲಿದ್ದ ಬೆಲೆ ಮೊದಲ ವರ್ಷ ಮುಗಿಯುವ ಮುನ್ನವೇ ಬಾಕಿಯ ಕೆಳಗಿಳಿಯುತ್ತದೆ, ವರ್ಷಗಳ ನಂತರ ಮತ್ತೆ ಮೇಲೇರುತ್ತದೆ. ಮುಂಗಡ ಕೊಟ್ಟಿದ್ದೇನೆ, ನನಗೆ ಈ ಚಿಂತೆಯಿಲ್ಲ ಎಂದುಕೊಂಡವರು ಸಿಕ್ಕಿಬೀಳುವುದು ಈ ನಡುವಿನ ಅವಧಿಯಲ್ಲಿ.

ನಿಮ್ಮ ಅವಧಿ ಈಗಾಗಲೇ ನಿಗದಿಯಾಗಿದೆ, ಆದರೂ ಅಸಲನ್ನು ಬೇಗ ಇಳಿಸುವ ದಾರಿ ಮುಚ್ಚಿಲ್ಲ. 25ನೆಯ ತಿಂಗಳಿಂದ ಕಂತಿನ ಜೊತೆಗೆ 0.20 ಹೆಚ್ಚು ಕಟ್ಟಿದರೆ, ಅಂದರೆ ಕಂತಿನ ಸುಮಾರು ಎಂಟನೆಯ ಒಂದು ಭಾಗ, ಸಂಧಿಸುವುದು 45ನೆಯ ತಿಂಗಳಿಗೆ ಬರುತ್ತದೆ. ಹೆಚ್ಚಿಗೆ ಕಟ್ಟುವಾಗ ಆ ಹಣ ಅಸಲಿಗೇ ಜಮೆಯಾಗಬೇಕೆಂದು ಬರವಣಿಗೆಯಲ್ಲಿ ತಿಳಿಸಿ, ಮುಂದಿನ ತಿಂಗಳ ಪಟ್ಟಿಯಲ್ಲಿ ಬಾಕಿ ಅಷ್ಟು ಇಳಿದಿದೆಯೇ ಎಂದು ನೋಡಿ. ಸೂಚನೆ ಇಲ್ಲದಿದ್ದರೆ ಕೆಲವೆಡೆ ಅದನ್ನು ಮುಂದಿನ ಕಂತಿನ ಮುಂಗಡವೆಂದು ಬರೆದುಕೊಳ್ಳುತ್ತಾರೆ. ಆಗ ಅಸಲು ಅಂದೇ ಇಳಿಯುವುದಿಲ್ಲ, ಮುಂದಿನ ಬಾರಿ ನೀವು ಕಡಿಮೆ ಕಟ್ಟಬಹುದು ಅಷ್ಟೇ.

ಮಾಡಬಾರದ ಕೆಲಸವೊಂದಿದೆ, ಅದನ್ನು ನಾನೇ ಒಮ್ಮೆ ಮಾಡಿದ್ದೇನೆ. ಹಳೆಯ ಕಾರನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ, ತುಂಬದ ಕೊರತೆಯನ್ನು ಹೊಸ ಸಾಲಕ್ಕೆ ಸೇರಿಸಿಬಿಡೋಣ ಎಂದು ವ್ಯಾಪಾರಿ ಹೇಳುತ್ತಾನೆ. ಕೈಯಿಂದ ಏನೂ ಕೊಡಬೇಕಿಲ್ಲ, ಕಂತು ಚೂರು ಹೆಚ್ಚಾಗುತ್ತದೆ, ಅಷ್ಟೇ ಎನಿಸುತ್ತದೆ. ನಿಮ್ಮ 10ರ ಕೊರತೆಯನ್ನು ಅದೇ ಬೆಲೆಯ ಇನ್ನೊಂದು ಕಾರಿನ ಸಾಲಕ್ಕೆ ಸೇರಿಸಿದರೆ, 100 ಬೆಲೆಯ ಕಾರಿಗೆ 110ರ ಸಾಲ ಬೀಳುತ್ತದೆ. ಒಂದು ವರ್ಷದ ನಂತರ ಬಾಕಿ ಹತ್ತಿರ ಹತ್ತಿರ 99, ಕಾರಿನ ಬೆಲೆ 80. ಕೊರತೆ 19ರ ಸಮೀಪಕ್ಕೆ ಬಂದಿರುತ್ತದೆ, ಸಂಧಿಸುವ ತಿಂಗಳು ಹೊಸ ಸಾಲದ 58ನೆಯದು. ಹಳೆಯ ಕಾರಿನ 24 ತಿಂಗಳನ್ನೂ ಕೂಡಿದರೆ ನೀವು ಸುಮಾರು ಏಳು ವರ್ಷ ಒಂದೇ ಗುಂಡಿಯಲ್ಲಿ ಇದ್ದಂತೆ. ನನ್ನ ವಿಷಯದಲ್ಲಿ ಎರಡನೆಯ ಕಾರನ್ನು ಮಾರುವ ಆಲೋಚನೆ ಬಂದಾಗಲೆಲ್ಲ ಈ ಲೆಕ್ಕ ಅಡ್ಡ ನಿಲ್ಲುತ್ತಿತ್ತು, ಕೊನೆಗೆ ಅವಧಿ ಮುಗಿಯುವವರೆಗೂ ಅದನ್ನೇ ಓಡಿಸಿದೆ.

ಕಾರನ್ನು ಇಟ್ಟುಕೊಂಡು ಕಂತು ಕಟ್ಟುತ್ತಾ ಹೋಗುವವರಿಗೆ ಈ ಕೊರತೆ ಕಾಗದದ ಮೇಲಿನ ಸಂಖ್ಯೆಯಾಗಿಯೇ ಉಳಿದು ತಾನಾಗಿ ಮುಗಿಯುತ್ತದೆ. ಅದು ಕೈಯಿಂದ ತೆರಬೇಕಾದ ಹಣವಾಗುವುದು ಕಾರನ್ನು ಮಾರಿದಾಗ, ಕಂತು ನಿಂತು ಸಾಲ ಕೊಟ್ಟವರು ಕಾರನ್ನು ಜಪ್ತಿ ಮಾಡಿ ಮಾರಿದಾಗ, ಅಥವಾ ಅಪಘಾತ ಇಲ್ಲವೇ ಕಳವಿನಿಂದ ಕಾರು ಪೂರ್ತಿ ನಷ್ಟವಾದಾಗ. ಕೊನೆಯದು ನಮ್ಮ ಇಚ್ಛೆಯನ್ನು ಕೇಳಿ ಬರುವುದಿಲ್ಲ. ಸಾಮಾನ್ಯ ವಿಮೆ ಕೊಡುವುದು ನಷ್ಟಕ್ಕೆ ಮುಂಚಿನ ಕಾರಿನ ಬೆಲೆಯನ್ನು, ಅದರಲ್ಲೂ ನಿಮ್ಮ ಪಾಲಿನ ಕಡಿತವನ್ನು ಕಳೆದು. ಬಾಕಿ ಎಷ್ಟಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಇಂದು ನಿಮ್ಮ ಕಾರು ನಷ್ಟವಾದರೆ ಹೆಚ್ಚೆಂದರೆ 68 ಬರುತ್ತದೆ, 78 ಕಟ್ಟಬೇಕು, ಕಾರೂ ಇರುವುದಿಲ್ಲ. ಈ ವ್ಯತ್ಯಾಸವನ್ನು ತುಂಬಿಕೊಡುವ ಪ್ರತ್ಯೇಕ ವಿಮೆ ಅನೇಕ ಕಡೆ ಸಿಗುತ್ತದೆ. ಅದನ್ನು ಕೊಳ್ಳುವ ಮುನ್ನ ತಪ್ಪಿದ ಕಂತು, ದಂಡ, ಹಳೆಯ ಸಾಲದಿಂದ ಸೇರಿಸಿಕೊಂಡ ಮೊತ್ತ ಇವುಗಳನ್ನು ಹೊರಗಿಟ್ಟಿದೆಯೇ ಎಂದು ಓದಿ ನೋಡಿ, ಮತ್ತು ಬಾಕಿ ಹಾಗೂ ಬೆಲೆ ಸಂಧಿಸಿದ ತಿಂಗಳಿನಿಂದಾಚೆಗೆ ಅದಕ್ಕೆ ಹಣ ಕಟ್ಟುವುದನ್ನು ನಿಲ್ಲಿಸಿ.

ಈಗಲೇ ಮಾರಲೇಬೇಕಾದ ಕಾರಣ ನಿಮಗಿದ್ದರೆ, ಕೊರತೆಯ 10ನ್ನು ಉಳಿತಾಯದಿಂದ ಕೊಟ್ಟು ಸಾಲವನ್ನು ಅಲ್ಲಿಗೇ ಮುಗಿಸುವುದು, ಅಷ್ಟು ಹಣವಿಲ್ಲದಿದ್ದರೆ ಆ ಕೊರತೆಗಷ್ಟೇ ಚಿಕ್ಕ ಅವಧಿಯ ಬೇರೆ ಸಾಲ ಮಾಡುವುದು, ನನ್ನ ಅಭಿಪ್ರಾಯದಲ್ಲಿ ಹೊಸ ಕಾರಿನ ಸಾಲಕ್ಕೆ ಸೇರಿಸುವುದಕ್ಕಿಂತ ಮೇಲು, ಅದರ ಬಡ್ಡಿ ಒಂದೆರಡು ಅಂಶ ಹೆಚ್ಚಿದ್ದರೂ ಕೂಡ. ಅಂತಹ ತುರ್ತಿಲ್ಲದಿದ್ದರೆ ಒಂದು ವರ್ಷ ಕಾದು, ತಿಂಗಳಿಗೆ 0.20 ಹೆಚ್ಚು ಕಟ್ಟಿದರೆ ಕೊರತೆ 10ರಿಂದ 5ಕ್ಕೆ ಇಳಿದಿರುತ್ತದೆ. ಆಗ ಮತ್ತೊಮ್ಮೆ ಲಿಖಿತ ಕೊಡುಗೆ ಕೇಳಿ, ಹೊಸ ಮುಕ್ತಾಯದ ಪತ್ರದ ಪಕ್ಕದಲ್ಲಿಟ್ಟು ನೋಡಿ.