‘ಇಲ್ಲೇ ಇದ್ದರೆ’ ಅನ್ನುವ ಸಾಲು

ಪ್ರಶ್ನೆ: ಮಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಎರಡು ವರ್ಷ ಅನುಭವ. ಯುಕೆಯಲ್ಲಿ ಒಂದು ವರ್ಷದ ಎಂಎಸ್‌ಸಿಗೆ ಸೀಟು ಸಿಕ್ಕಿದೆ, ಸಾಲ ಮಾಡಿ ಹೋಗಬೇಕು. ಲಾಭವೋ ನಷ್ಟವೋ ಅಂತ ಮುಂದೆ ಬರುವ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಎಕ್ಸೆಲ್‌ನಲ್ಲಿ ಎನ್‌ಪಿವಿ ಹಾಕುತ್ತಿದ್ದೇನೆ. ಹಾಗೆ ಇಳಿಸುವ ಡಿಸ್ಕೌಂಟ್ ರೇಟ್ 8 ಪರ್ಸೆಂಟ್ ಹಾಕಬೇಕಾ, 11 ಹಾಕಬೇಕಾ?

ರೇಟ್ ಬಿಡಿ ಮಾರಾಯ್ರೆ. ನಾನೂ 2021ರಲ್ಲಿ ಇದೇ ಎಂಟೋ ಹನ್ನೊಂದೋ ಅಂತ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ನನಗೆ ಹೊಡೆತ ಬಿದ್ದದ್ದು ಅಲ್ಲಿ ಅಲ್ಲ, ಅದರ ಮೇಲಿನ ಸಾಲಲ್ಲಿ.

ನಾನು ಉಡುಪಿಯವನು. ಆಗ ಮಂಗಳೂರಲ್ಲಿ ಒಂದು ಕಂಪನಿಯಲ್ಲಿದ್ದೆ, ತಿಂಗಳಿಗೆ 40 ಸಾವಿರ ಕೈಗೆ ಬರುತ್ತಿತ್ತು. ವರ್ಕ್ ಫ್ರಮ್ ಹೋಮ್ ಕಾಲ, ಮನೆಯಲ್ಲೇ ಊಟ. ಖರ್ಚೆಲ್ಲ ಕಳೆದು ವರ್ಷಕ್ಕೆ ಮೂರೂವರೆ ಲಕ್ಷ ಉಳಿಯುತ್ತಿತ್ತು. ಹೊರಗೆ ಜೂನ್ ತಿಂಗಳ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಜಗಲಿಯಲ್ಲಿ ಕೂತು ಶೀಟ್ ಮಾಡಿದೆ.

ಮೊದಲು ನಾನು ಬರೆದದ್ದು ಸಂಬಳ. ಅಲ್ಲಿ 30 ಲಕ್ಷ, ಇಲ್ಲಿ 5 ಲಕ್ಷ, ವ್ಯತ್ಯಾಸ 25 ಲಕ್ಷ, ಒಂದೂಕಾಲು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ. ಕುಂದಾಪುರದಲ್ಲಿ ಬ್ಯಾಂಕಿನಲ್ಲಿರುವ ಭಾವ ಅದನ್ನು ನೋಡಿ ನಕ್ಕರು. “ಸಂಬಳ ಬರೆಯುವುದಲ್ಲ ಮಾರಾಯ. ತೆರಿಗೆ, ಬಾಡಿಗೆ, ಊಟ ಎಲ್ಲ ಕಳೆದು ಉಳಿಯುವುದು ಎಷ್ಟು ಅಂತ ಬರಿ. ಎರಡೂ ಕಡೆಯದ್ದು ಬರಿ” ಅಂದರು. ಸರಿ, ತಿದ್ದಿದೆ. ಯುಕೆಯಲ್ಲಿ ವರ್ಷಕ್ಕೆ 30,000 ಪೌಂಡ್ ಸಂಬಳ ಬಂದರೆ ಖರ್ಚು ಕಳೆದು ಸುಮಾರು 10,000 ಪೌಂಡ್ ಉಳಿಯುತ್ತದೆ ಅಂತ ಲೆಕ್ಕ ಸಿಕ್ಕಿತು. ಪೌಂಡಿಗೆ 100 ರೂಪಾಯಿ ಹಿಡಿದರೆ 10 ಲಕ್ಷ. ಆ ಸಾಲಿಗೆ ವರ್ಷಕ್ಕೆ 8 ಪರ್ಸೆಂಟ್ ಏರಿಕೆ ಕೊಟ್ಟೆ.

ಖರ್ಚಿನ ಕಡೆ ಫೀಸು 19 ಲಕ್ಷ. ವೀಸಾ, ಅಲ್ಲಿಯ ಹೆಲ್ತ್ ಸರ್‌ಚಾರ್ಜ್, ಟಿಕೆಟ್ ಎಲ್ಲ ಸೇರಿ 2 ಲಕ್ಷ. ಇರುವ ಖರ್ಚು 11 ಲಕ್ಷ, ಅದರಲ್ಲಿ ಪಾರ್ಟ್‌ಟೈಮ್ ಕೆಲಸದಿಂದ 5 ಲಕ್ಷ ವಾಪಸ್. ಕೈಯಿಂದ ಹೋಗುವುದು 27 ಲಕ್ಷ. ಆ ವರ್ಷ ಊರಲ್ಲಿ ಉಳಿಯಬೇಕಿದ್ದ ಮೂರೂವರೆ ಲಕ್ಷ ತಪ್ಪಿತಲ್ಲ, ಅದನ್ನೂ ಸೇರಿಸಿದರೆ ಮೂವತ್ತೂವರೆ. ಇಲ್ಲಿಯವರೆಗೆ ಎಲ್ಲ ಸರಿಯೇ ಇತ್ತು.

ಆಮೇಲೆ ‘ಇಲ್ಲೇ ಇದ್ದರೆ’ ಅಂತ ಇನ್ನೊಂದು ಸಾಲು. ಮೊದಲ ಮನೆಯಲ್ಲಿ 3.5 ಅಂತ ಹೊಡೆದೆ. ಆ ಚೌಕದ ಮೂಲೆ ಹಿಡಿದು ಬಲಗಡೆಗೆ ಎಳೆದೆ. 3.5, 3.5, 3.5, ಇಪ್ಪತ್ತು ವರ್ಷ. ಎರಡು ಸೆಕೆಂಡಿನ ಕೆಲಸ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಲೆಕ್ಕ ಹಾಕುವುದು ವ್ಯತ್ಯಾಸವನ್ನು. ಓದಿ ಬಂದ ನನಗೂ ಓದಲು ಹೋಗದ ನನಗೂ ಇರುವ ವ್ಯತ್ಯಾಸ. ಓದಲು ಹೋಗದವನು ಸುಮ್ನೆ ಕೂತಿರುವುದಿಲ್ಲ ಅಲ್ವಾ? ಅವನಿಗೂ ಅನುಭವ ಸೇರುತ್ತದೆ, ಅವನೂ ಕೆಲಸ ಬದಲಿಸುತ್ತಾನೆ. ನಾನು ಯುಕೆಯಲ್ಲಿರುವ ನನಗೆ ವರ್ಷ ವರ್ಷ 8 ಪರ್ಸೆಂಟ್ ಏರಿಸಿದೆ, ಊರಲ್ಲಿರುವ ನನ್ನನ್ನು ಇಪ್ಪತ್ತೈದನೇ ವಯಸ್ಸಿನಲ್ಲೇ ಕಟ್ಟಿ ಹಾಕಿದೆ. ಹೀಗೆ ಮಾಡಿದರೆ ಅನುಭವದಿಂದ ಸಿಗುವ ಏರಿಕೆಯೆಲ್ಲ ಡಿಗ್ರಿಯ ಲೆಕ್ಕಕ್ಕೆ ಹೋಗುತ್ತದೆ. ಎಂಥ ಕೋರ್ಸನ್ನೂ ಲಾಭ ಅಂತ ತೋರಿಸಬಹುದು. 11 ಪರ್ಸೆಂಟಿನಲ್ಲಿ ನನ್ನ ಶೀಟ್ 82 ಲಕ್ಷ ಲಾಭ ತೋರಿಸಿತು. ಅಪ್ಪನಿಗೆ ತೋರಿಸಿದೆ. ಮನೆಯ ಪತ್ರ ಬ್ಯಾಂಕಿಗೆ ಹೋಯಿತು.

ಈಗ ನಿಜವಾಗಿ ಆದದ್ದು. ನನ್ನ ಪಕ್ಕದ ಸೀಟಲ್ಲಿ ಕೂರುತ್ತಿದ್ದ ಗೆಳೆಯ ಎಲ್ಲಿಗೂ ಹೋಗಲಿಲ್ಲ. ನಾನು ಅಲ್ಲಿ ಅಸೈನ್‌ಮೆಂಟ್ ಬರೆಯುತ್ತಿದ್ದಾಗ ಇಲ್ಲಿ ಐಟಿಯಲ್ಲಿ ಜನ ಸಿಗದೆ ಕಂಪನಿಗಳು ಒದ್ದಾಡುತ್ತಿದ್ದವು. ಅವನು 2022ರಲ್ಲಿ ಬೆಂಗಳೂರಿಗೆ ಹಾರಿದ. ಮೊದಲು 9 ಲಕ್ಷದ ಪ್ಯಾಕೇಜು, ಮರುವರ್ಷ 11. ನಾನು ವಾಪಸ್ ಬಂದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಈಗ ಎಷ್ಟು ಅಂತ ಕೇಳಿದೆ. ಎಲೆಯ ಮೇಲೆ ಸಾರು ಹರಿಯದಂತೆ ಅನ್ನಕ್ಕೆ ಗುಂಡಿ ಮಾಡುತ್ತಾ “ಹದಿನಾಲ್ಕು” ಅಂದ. ಆ ಪಾಯಸ ನನಗೆ ರುಚಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ರಾತ್ರಿ ಹಳೆ ಶೀಟ್ ತೆಗೆದೆ. ಬೇರೆ ಏನನ್ನೂ ಮುಟ್ಟಲಿಲ್ಲ. ‘ಇಲ್ಲೇ ಇದ್ದರೆ’ ಸಾಲಿನಲ್ಲಿ ಅವನಿಗೆ ಉಳಿದದ್ದನ್ನು ಹಾಕಿದೆ. ಮೊದಲ ವರ್ಷ 4.2 ಲಕ್ಷ, ಎರಡನೇ ವರ್ಷ 5.4, ಮೂರನೇ ವರ್ಷ 7, ಅಲ್ಲಿಂದ ಮುಂದೆ ಯುಕೆ ಸಾಲಿಗೆ ಕೊಟ್ಟ ಅದೇ 8 ಪರ್ಸೆಂಟ್. 82 ಲಕ್ಷ ಇದ್ದದ್ದು 28ಕ್ಕೆ ಇಳಿಯಿತು. ಒಂದೇ ಸಾಲು ತಿದ್ದಿದ್ದಕ್ಕೆ 54 ಲಕ್ಷ ಮಾಯ.

ಆ 28 ಕೂಡ ಅಲ್ಲೇ ಇಪ್ಪತ್ತು ವರ್ಷ ನಿಂತರೆ ಮಾತ್ರ. ನಾನು ನಿಲ್ಲಲಿಲ್ಲ. ಕೋರ್ಸ್ ಮುಗಿದ ಮೇಲೆ ಗ್ರಾಜುಯೇಟ್ ವೀಸಾದಲ್ಲಿ ಎರಡು ವರ್ಷ ದುಡಿಯಲು ಬಿಟ್ಟರು. ಸಂಬಳ 28,000 ಪೌಂಡ್, ಆಮೇಲೆ 29,500. ಮುಂದೆ ಇರಬೇಕಾದರೆ ಕಂಪನಿ ಸ್ಪಾನ್ಸರ್ ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಂಬಳದ ಮಿತಿ 26,200ರಿಂದ ಒಮ್ಮೆಗೇ 38,700 ಪೌಂಡಿಗೆ ಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ರಿಯಾಯಿತಿ ಇತ್ತು, ಆದರೆ ಆಗ ಅದೂ 30,960ಕ್ಕಿಂತ ಕಡಿಮೆ ಇರಲಿಲ್ಲ. ನನ್ನ ಕಂಪನಿಗೆ ಸ್ಪಾನ್ಸರ್ ಲೈಸೆನ್ಸೇ ಇರಲಿಲ್ಲ, ಮಾಡಿಸುವ ಮನಸ್ಸೂ ಇರಲಿಲ್ಲ. 2025ರ ಜನವರಿಯಲ್ಲಿ ಬಜ್ಪೆಯಲ್ಲಿ ಇಳಿದೆ.

ಈಗ ಬೆಂಗಳೂರಲ್ಲಿ ನನ್ನ ಪ್ಯಾಕೇಜು 16 ಲಕ್ಷ. ಗೆಳೆಯನಿಗಿಂತ 2 ಲಕ್ಷ ಜಾಸ್ತಿ, ತೆರಿಗೆ ಕಳೆದು ಒಂದೂವರೆ. ಅದಷ್ಟನ್ನೂ ಡಿಗ್ರಿಗೇ ಕೊಡೋಣ, 20ನೇ ವರ್ಷದವರೆಗೂ ಆ ಒಂದೂವರೆ ಹಾಗೇ ಇರುತ್ತದೆ ಅಂತಲೂ ಇಟ್ಟುಕೊಳ್ಳೋಣ. ಅಲ್ಲಿದ್ದ ಎರಡು ವರ್ಷ ಅವನಿಗಿಂತ ಜಾಸ್ತಿ ಉಳಿಸಿದ್ದು 4.2 ಮತ್ತು 3.6 ಲಕ್ಷ. ಎಲ್ಲವನ್ನೂ 11 ಪರ್ಸೆಂಟಿನಲ್ಲಿ ಇವತ್ತಿನ ಬೆಲೆಗೆ ತಂದರೆ 16 ಲಕ್ಷ ಆಗುತ್ತದೆ. ಹಾಕಿದ್ದು ಮೂವತ್ತೂವರೆ. ಹದಿನಾಲ್ಕು ಲಕ್ಷ ನಷ್ಟ.

ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಉಂಟು. ಇದೇ ಲೆಕ್ಕವನ್ನು 8 ಪರ್ಸೆಂಟಿನಲ್ಲಿ ಮಾಡಿದೆ. ನಷ್ಟ ಹದಿನಾಲ್ಕರಿಂದ ಹನ್ನೊಂದೂವರೆಗೆ ಬಂತು, ಅಷ್ಟೇ. ನಷ್ಟ ನಷ್ಟವೇ. ನೀವು 11 ಹಾಕಿ. ಸಾಲದ ಬಡ್ಡಿ ಅಷ್ಟು ಇರುವಾಗ ಕೈಗೆ ಬಂದ ಒಂದು ರೂಪಾಯಿಯನ್ನು ಸಾಲಕ್ಕೆ ಕಟ್ಟಿದರೆ ಉಳಿಯುವುದೂ ಅಷ್ಟೇ ಬಡ್ಡಿ, ಅದಕ್ಕಿಂತ ಕಡಿಮೆ ಹಾಕಲು ಕಾರಣ ಇಲ್ಲ. ಆದರೆ 11ರಲ್ಲಿ ಡಿಸ್ಕೌಂಟ್ ಮಾಡಿದ ಮೇಲೆ ಇಎಂಐಯ ಬಡ್ಡಿಯನ್ನು ಖರ್ಚಿನ ಸಾಲಿನಲ್ಲಿ ಮತ್ತೆ ಬರೆಯಬೇಡಿ. ಒಂದೇ ಬಡ್ಡಿಯನ್ನು ಎರಡು ಸಲ ಕಳೆದಂತೆ ಆಗುತ್ತದೆ. ಇನ್ನೊಂದು ಸಣ್ಣ ವಿಷಯ. ಎಕ್ಸೆಲ್‌ನ NPV ಮೊದಲ ಮೊತ್ತವನ್ನೂ ಒಂದು ವರ್ಷ ಆಚೆಗೆ ತಳ್ಳಿ ಲೆಕ್ಕ ಹಾಕುತ್ತದೆ. ಹಾಗಾಗಿ ಮೊದಲ ವರ್ಷದ ಖರ್ಚನ್ನು ಹೊರಗಿಡಬೇಕು. B3ಯಲ್ಲಿ ಖರ್ಚು ಮೈನಸ್ ಆಗಿ, C3ಯಿಂದ V3ವರೆಗೆ 20 ವರ್ಷದ ವ್ಯತ್ಯಾಸ ಇದ್ದರೆ ಹೀಗೆ:

```
=B3+NPV(0.11,C3:V3)
```

ಈಗ ನೀವು ಮಾಡಬೇಕಾದ ಲೆಕ್ಕ ಬೇರೆ. ನನ್ನ ಅಂಕಿಗಳಲ್ಲೇ ಹೇಳುವುದಾದರೆ ಅಲ್ಲೇ ನಿಂತರೆ 28 ಲಕ್ಷ ಲಾಭ, ವಾಪಸ್ ಬಂದರೆ 14 ಲಕ್ಷ ನಷ್ಟ. ನಿಲ್ಲುವ ಸಾಧ್ಯತೆ ಮೂರರಲ್ಲಿ ಒಂದು ಇದ್ದರೆ ಎರಡೂ ಸರಿಸಮ. ಅದಕ್ಕಿಂತ ಕಡಿಮೆಯಾದರೆ ಹೋಗುವುದೇ ನಷ್ಟ. ಎರಡು ವಾರ ಕೂತು ಯೋಚಿಸಬೇಕಾದ ಅಂಕಿ ಇದು. ನಿಯಮಗಳು ಈಗ ಇನ್ನೂ ಬಿಗಿಯಾಗಿವೆ. 2025ರ ಜುಲೈಯಿಂದ ಸ್ಕಿಲ್ಡ್ ವರ್ಕರ್ ಮಿತಿ 41,700 ಪೌಂಡ್. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಗ್ರಾಜುಯೇಟ್ ವೀಸಾ ಎರಡು ವರ್ಷದ ಬದಲು 18 ತಿಂಗಳು. ಹಾಗಾಗಿ ಆ ಕೋರ್ಸ್ ಮುಗಿಸಿದವರು ಯಾವ ಕಂಪನಿಗಳಿಗೆ ಸೇರಿದ್ದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿ. ಆ ಕಂಪನಿಗಳ ಹೆಸರು ಯುಕೆ ಸರ್ಕಾರದ Register of licensed sponsors ಪಟ್ಟಿಯಲ್ಲಿ ಇದೆಯಾ ಅಂತ ಹುಡುಕಿ, gov.ukಯಲ್ಲಿ ಪುಕ್ಕಟೆ ಸಿಗುತ್ತದೆ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ನಿಮಗೆ ವೀಸಾ ಕೊಡಿಸುತ್ತಾರೆ ಅಂತ ಅಲ್ಲ. ಇಲ್ಲದಿದ್ದರೆ ಅವರಿಂದ ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ಸೀಟು ಕೊಡಿಸುವ ಏಜೆಂಟರು ಇದನ್ನು ಹೇಳುವುದಿಲ್ಲ, ಅವರ ಕೆಲಸ ನೀವು ವಿಮಾನ ಹತ್ತುವಲ್ಲಿಗೆ ಮುಗಿಯಿತು.

ದುಡ್ಡೇ ಎಲ್ಲ ಅಲ್ಲ ಅಂತ ಕೆಳಗೆ ಯಾರಾದರೂ ಬರೆಯುತ್ತಾರೆ, ಗೊತ್ತು. ನಿಜವೇ, ಅಲ್ಲಿಯ ಮೂರು ವರ್ಷ ನನಗೆ ಇಷ್ಟವಾಗಿತ್ತು. ಹಿಮ ನೋಡಿದೆ, ಒಬ್ಬನೇ ಬದುಕಲು ಕಲಿತೆ. ಅದಕ್ಕೆ 14 ಲಕ್ಷ ಕೊಟ್ಟೆ ಅಂತ ಗೊತ್ತಿದ್ದು ಹೋಗಿದ್ದರೆ ತಕರಾರು ಇರಲಿಲ್ಲ. ನಾನು 82 ಲಕ್ಷ ಲಾಭಕ್ಕೆ ಅಂತ ಹೋದವನು.

ರೇಟನ್ನು ಆಮೇಲೆ ತುಂಬಿಸಿ. ಮೊದಲು ‘ಇಲ್ಲೇ ಇದ್ದರೆ’ ಸಾಲು. ಅದನ್ನು ಮೂಲೆ ಹಿಡಿದು ಎಳೆಯಬೇಡಿ, ಒಂದೊಂದೇ ಮನೆ ಕೈಯಿಂದ ತುಂಬಿ. ನಿಮ್ಮದೇ ಕೆಲಸ ಮಾಡುವ, ನಿಮಗಿಂತ ಮೂರು ವರ್ಷ, ಐದು ವರ್ಷ, ಎಂಟು ವರ್ಷ ಸೀನಿಯರ್ ಆದವರಿಗೆ ಈಗ ಎಷ್ಟು ಬರುತ್ತದೆ ಅಂತ ಕೇಳಿ. ಹೊರದೇಶಕ್ಕೆ ಹೋಗದವರನ್ನೇ ಕೇಳಿ. ಸಂಬಳ ಕೇಳಲು ಮುಜುಗರ ಆಗುತ್ತದೆ, ಅದಕ್ಕೇ ನಾನೂ ಕೇಳಿರಲಿಲ್ಲ. ಹಂಪನಕಟ್ಟೆಯಲ್ಲಿ ಒಂದು ಪ್ಲೇಟ್ ಗೋಳಿಬಜೆ ಕೊಡಿಸಿದರೆ ಹೇಳುತ್ತಾರೆ.